ಎದುರಾಳಿ ಅಡ್ಡ ನಿಂತಿದ್ದ, ಗುದ್ದಿದ್ದೂ ಆಯ್ತು, ಆದರೂ ನೋ ಲೆಟ್! ಇದು ಯಾವ ನ್ಯಾಯ?

ಬ್ಯಾಕ್‌ಹ್ಯಾಂಡ್_ಬಸವ
ತಲೆ ಕೆಟ್ಟು ಹೋಗಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ಭಾನುವಾರ ನಮ್ಮ ಕಡೆಯ ಅಪಾರ್ಟ್‌ಮೆಂಟ್ ಸ್ಕ್ವಾಷ್ ಲೀಗ್. ಐದನೇ ಗೇಮ್, 9-9. ಅವನು ಎಡಗಡೆ ಮುಂದಿನ ಗೋಡೆ ಹತ್ತಿರವೇ ಬೀಳುವ ಹಾಗೆ ಡ್ರಾಪ್ ಹಾಕಿದ. ನಾನು ಓಡಿದೆ. ದಾರಿಯಲ್ಲಿ ಕಂಬದ ಹಾಗೆ ನಿಂತಿದ್ದ, ಭುಜಕ್ಕೆ ಭುಜ ತಾಗಿತು. ಕೈ ಎತ್ತಿ ‘ಲೆಟ್ ಪ್ಲೀಸ್’ ಅಂದೆ. ರೆಫರಿ ನೋ ಲೆಟ್ ಅಂದ, ಪಾಯಿಂಟ್ ಅವನಿಗೆ ಹೋಯಿತು. ಕೇಳಿದರೆ ‘ನೀನೇ ಹೋಗಿ ಗುದ್ದಿದೆ’ ಅಂತ ಉತ್ತರ. ಮುಂದಿನ ರ‍್ಯಾಲಿಯಲ್ಲಿ ಮ್ಯಾಚೂ ಹೋಯಿತು. ಇದು ಪಾಯಿಂಟೇ ನನಗೆ ಬರುವ ಸ್ಟ್ರೋಕ್ ಅಲ್ವಾ? ಕಡೇ ಪಕ್ಷ ರ‍್ಯಾಲಿ ಮತ್ತೆ ಆಡಿಸುವ ಲೆಟ್ ಆದರೂ ಕೊಡಬೇಕಿತ್ತು ತಾನೇ?

ಡಬಲ್‌ಡಾಟ್
ನೂರಕ್ಕೆ ನೂರು ಸ್ಟ್ರೋಕ್ ಗುರು. ಮೈಗೆ ಮೈ ತಾಗಿತು ಅಂದಮೇಲೆ ಮಾತೇ ಇಲ್ಲ. ಎದುರಾಳಿ ತಪ್ಪಿಸಿಕೊಳ್ಳಲು ಎಷ್ಟೇ ಒದ್ದಾಡಿದರೂ ತಾಗಿದರೆ ಸ್ಟ್ರೋಕ್. ರೂಲ್‌ನಲ್ಲೇ ಇದೆ, ಓದಿ ನೋಡಿ.

ಹಳೇಮಾರ್ಕರ್
ಡಬಲ್‌ಡಾಟ್ ಅವರೇ, ಆ ರೂಲ್ ಇರುವುದು ಸ್ವಿಂಗ್‌ಗೆ. ರ‍್ಯಾಕೆಟ್ ಬೀಸಲು ಹೋದಾಗ ಎದುರಾಳಿಯ ಮೈ ತಾಗಿ ಸ್ವಿಂಗೇ ನಿಂತುಹೋದರೆ ಸ್ಟ್ರೋಕ್, ಅವನು ಎಷ್ಟು ಪ್ರಯತ್ನಪಟ್ಟಿದ್ದರೂ ಸರಿ. ಇಲ್ಲಿ ಬಸವ ಇನ್ನೂ ಚೆಂಡಿನ ಹತ್ತಿರವೇ ಹೋಗಿಲ್ಲ, ಸ್ವಿಂಗ್ ಎಲ್ಲಿಂದ ಬಂತು? ಇದು ಚೆಂಡಿಗೆ ಹೋಗುವ ದಾರಿಯ ವಿಷಯ. ಅದರ ಲೆಕ್ಕ ಬೇರೆ.

ಬಸವ, ಒಂದಷ್ಟು ಹೇಳಿ. ಅವನು ಡ್ರಾಪ್ ಹೊಡೆದಾಗ ನೀವು ಎಲ್ಲಿದ್ದಿರಿ, ಅವನು ಎಲ್ಲಿದ್ದ? ಮೊದಲ ಹೆಜ್ಜೆ ಯಾವ ಕಡೆ ಇಟ್ಟಿರಿ? ತಾಗಿದಾಗ ಚೆಂಡು ಎಷ್ಟು ಸಲ ಪುಟಿದಿತ್ತು?

ಬ್ಯಾಕ್‌ಹ್ಯಾಂಡ್_ಬಸವ
ನಾನು ಕೋರ್ಟ್ ನಡುವೆ ಗೆರೆಗಳು ಸೇರುವ ಟೀ ಮೇಲೆ, ಇನ್ನೆಲ್ಲಿ ಇರ್ತೀನಿ ಸರ್. ಅವನು ಎಡಗೋಡೆ ಕಡೆ. ಅವನು ಅಡ್ಡ ಇದ್ದ, ಅಷ್ಟೇ. ಇದರಲ್ಲಿ ಹೆಜ್ಜೆ ಲೆಕ್ಕ ಯಾಕೆ?

ಡಬಲ್‌ಡಾಟ್
ಅದೇ ನಾನೂ ಹೇಳೋದು. ತಾಗಿತು, ಸ್ಟ್ರೋಕ್. ಸುಮ್ನೆ ಕಾಂಪ್ಲಿಕೇಟ್ ಮಾಡಬೇಡಿ.

ಕ್ಲಬ್‌ಹೌಸ್_ಕೋರ್ಟ್
ನನಗೂ ಇದೇ ಅನ್ಯಾಯ ಆಗಿದೆ! ಹೋದ ವಾರ ಹಿಂದಿನ ಮೂಲೆಯಲ್ಲಿ ಚೆಂಡು ನನ್ನ ಸುತ್ತ ತಿರುಗಿ ಆ ಕಡೆ ಬಂತು. ನಾನೂ ತಿರುಗಿ ಬಲವಾಗಿ ಹೊಡೆದೆ. ಚೆಂಡು ನೇರ ಮುಂದಿದ್ದವನ ಬೆನ್ನಿಗೆ. ಮುಂದಿನ ಗೋಡೆಗೇ ಹೋಗುತ್ತಿದ್ದ ಚೆಂಡು, ಆದರೂ ಪಾಯಿಂಟ್ ಅವನಿಗೆ ಕೊಟ್ಟರು. ನೋವೂ ಅವನಿಗೆ, ಪಾಯಿಂಟೂ ಅವನಿಗೆ.

ನಿಕ್‌ಶಾಟ್_ನಳಿನಿ
ಅದು ಬೇರೆ ವಿಷಯ ಸರ್. ನಿಮ್ಮ ಕೇಸಲ್ಲಿ ಕೊಟ್ಟಿದ್ದು ಸರಿಯೇ. ತಿರುಗಿ ಹೊಡೆದು ತಾಗಿಸಿದರೆ ಪಾಯಿಂಟ್ ಎದುರಾಳಿಗೆ, ಅವನು ಬೇಕಂತಲೇ ಚೆಂಡಿಗೆ ಅಡ್ಡ ಬರದಿದ್ದರೆ. ತಿರುಗಿದಾಗ ಅವನು ಎಲ್ಲಿದ್ದಾನೆ ಅಂತ ನಿಮಗೆ ಕಾಣುವುದಿಲ್ಲ, ನೀವು ಎಲ್ಲಿಗೆ ಹೊಡೆಯುತ್ತೀರಿ ಅಂತ ಅವನಿಗೂ ಗೊತ್ತಿರಲ್ಲ. ತಿರುಗಿದ ಮೇಲೆ ಹೊಡೆಯದೆ ನಿಲ್ಲಿಸಿ ಲೆಟ್ ಕೇಳಿ. ಯಾರ ಬೆನ್ನೂ ಊದಲ್ಲ.

ಬಸವ ಅವರೇ, ವಿಡಿಯೋ ಇದೆಯಾ?

ಬ್ಯಾಕ್‌ಹ್ಯಾಂಡ್_ಬಸವ
ಇದೆ. ಹಿಂದಿನ ಗಾಜಿನ ಆಚೆಯಿಂದ ಫೋನಲ್ಲಿ ತೆಗೆದದ್ದು. ಮುಖ ಕಾಣುತ್ತೆ ಅಂತ ಹಾಕುತ್ತಿಲ್ಲ. ಇನ್ನೊಂದು ಸಲ ನೋಡಿ ಬರೆಯುತ್ತೇನೆ.

ಡಬಲ್‌ಡಾಟ್
ಫೋನ್ ಎಲ್ಲಿಟ್ಟಿದ್ದೀರಿ? ನಾನು ಗಾಜಿಗೆ ಸಕ್ಷನ್ ಮೌಂಟ್ ಹಾಕಿ, ಅಗಲದ ಲೆನ್ಸಲ್ಲಿ 60 ಫ್ರೇಮ್‌ಗೆ ರೆಕಾರ್ಡ್ ಮಾಡ್ತೀನಿ. ನಾಲ್ಕೂ ಮೂಲೆ ಬರುತ್ತೆ. ಟ್ರೈಪಾಡ್ ಇಟ್ಟರೆ ಯಾರಾದರೂ ಎಡವುತ್ತಾರೆ. ಅಂದ ಹಾಗೆ ಹೊಸ ರ‍್ಯಾಕೆಟ್ ತಗೊಂಡೆ, 125 ಗ್ರಾಂ. ಡ್ರಾಪ್ ಬೆಣ್ಣೆ ಥರ ಇಳಿಯುತ್ತೆ.

ಕ್ಲಬ್‌ಹೌಸ್_ಕೋರ್ಟ್
125 ತುಂಬ ಹಗುರ ಆಗಲ್ವಾ? ಗಟ್ ಎಷ್ಟು ಬಿಗಿಯಾಗಿ ಎಳೆಸಿದ್ದೀರಿ?

ಹಳೇಮಾರ್ಕರ್
ರ‍್ಯಾಕೆಟ್ ಆಮೇಲೆ ನೋಡೋಣ. ಬಸವ, ವಿಡಿಯೋದಲ್ಲಿ ಮೂರು ಕಡೆ ನಿಲ್ಲಿಸಿ ನೋಡಿ. ಮೊದಲು, ಅವನ ರ‍್ಯಾಕೆಟ್‌ಗೆ ಚೆಂಡು ತಾಗಿದ ಕ್ಷಣ. ಆಮೇಲೆ, ನೀವಿಬ್ಬರೂ ತಾಗಿದ ಕ್ಷಣ. ಕೊನೆಗೆ, ಚೆಂಡು ಎರಡನೇ ಸಲ ನೆಲಕ್ಕೆ ಬಿದ್ದ ಕ್ಷಣ. ಒಂದೊಂದರಲ್ಲೂ ನಿಮ್ಮ ಕಾಲು ಎಲ್ಲಿತ್ತು ಅಂತ ಬರೆಯಿರಿ.

ಬ್ಯಾಕ್‌ಹ್ಯಾಂಡ್_ಬಸವ
ನೋಡಿದೆ. ಅವನು ಹೊಡೆದಾಗ ಕೋರ್ಟಿಗೆ ಅಡ್ಡವಾಗಿರುವ ಶಾರ್ಟ್ ಲೈನಿಗಿಂತ ಒಂದು ಹೆಜ್ಜೆ ಮುಂದಿದ್ದ, ಎಡಗೋಡೆಯಿಂದ ಒಂದು ಮೀಟರ್ ಇರಬಹುದು. ನಾನು ಟೀ ಮೇಲೆ. ಅವನು ಡ್ರೈವ್ ಹೊಡೀತಾನೆ ಅಂದುಕೊಂಡು ಹಿಂದಿನ ಎಡಮೂಲೆ ಕಡೆಗೆ ಒಂದೆರಡು ಹೆಜ್ಜೆ ಹೋಗಿದ್ದೆ. ಡ್ರಾಪ್ ಅಂತ ಗೊತ್ತಾದ ಕೂಡಲೇ ಮುಂದಕ್ಕೆ ಓಡಿದೆ. ಅವನು ಹೊಡೆದು ಒಂದು ಹೆಜ್ಜೆ ಹಿಂದೆ ಬಂದು ನಿಂತಿದ್ದ. ಶಾರ್ಟ್ ಲೈನ್ ಹತ್ತಿರ ತಾಗಿತು. ಅಲ್ಲೇ ನಿಂತು ಕೈ ಎತ್ತಿದೆ. ತಾಗಿದ್ದಕ್ಕೂ ಎರಡನೇ ಬೌನ್ಸ್‌ಗೂ ನಡುವೆ 20 ಫ್ರೇಮ್, ವಿಡಿಯೋ 30 ಫ್ರೇಮಿನದು. ಚೆಂಡು ಬಿದ್ದದ್ದು ಮುಂದಿನ ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ಎಡಗೋಡೆಗೆ ಅಂಟಿಕೊಂಡ ಹಾಗೆ.

ಹಿಂದೆ ಹೋದದ್ದು ಮುಖ್ಯ ಅಂತ ಅನ್ನಿಸಲಿಲ್ಲ, ಅದಕ್ಕೆ ಬರೆದಿರಲಿಲ್ಲ. ಅವನು ಅಡ್ಡ ಇದ್ದದ್ದು ಸುಳ್ಳಾ?

ಹಳೇಮಾರ್ಕರ್
ಸುಳ್ಳಲ್ಲ. ಆದರೆ ಇಡೀ ತೀರ್ಪು ನಿಂತಿರುವುದು ಆ ಎರಡು ಹೆಜ್ಜೆಯ ಮೇಲೆ.

ಒಂದು ಹಾಳೆಯಲ್ಲಿ ಕೋರ್ಟ್ ಬರೆದು ನೋಡಿ. ಅಗಲ 6.4 ಮೀಟರ್, ಮುಂದಿನ ಗೋಡೆಯಿಂದ ಶಾರ್ಟ್ ಲೈನಿಗೆ ಸುಮಾರು ಐದೂವರೆ. ಟೀಯಿಂದ ಚೆಂಡು ಬಿದ್ದ ಜಾಗಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಅವನು ಆ ಗೆರೆಯಿಂದ ಒಂದೂವರೆ ಮೀಟರ್ ಎಡಕ್ಕೆ ಇದ್ದಾನೆ. ಅಂದರೆ ಟೀ ಮೇಲೆ ಇದ್ದವನಿಗೆ ದಾರಿ ಪೂರ್ತಿ ಖಾಲಿ. ಈಗ ನೀವು ಹಿಂದೆ ಎಡಕ್ಕೆ ಹೋದ ಜಾಗದಿಂದ ಅದೇ ಚೆಂಡಿಗೆ ಇನ್ನೊಂದು ಗೆರೆ ಎಳೆಯಿರಿ. ಅದು ಅವನ ಮೈಮೇಲೇ ಹಾದು ಹೋಗುತ್ತದೆ. ಅವನು ನಿಮ್ಮ ದಾರಿಗೆ ಬಂದದ್ದಕ್ಕಿಂತ ನಿಮ್ಮ ದಾರಿ ಅವನ ಕಡೆ ಸರಿದದ್ದು ಜಾಸ್ತಿ.

ನೇರ ದಾರಿ ಇದ್ದೂ ಸುತ್ತು ದಾರಿ ಹಿಡಿದು ಆಮೇಲೆ ಲೆಟ್ ಕೇಳಿದರೆ ನೋ ಲೆಟ್. ನಿಮ್ಮ ರೆಫರಿ ಇಷ್ಟಕ್ಕೇ ನಿಲ್ಲಿಸಿದ್ದಾನೆ ಅನ್ನಿಸುತ್ತದೆ.

ಡಬಲ್‌ಡಾಟ್
ಹಾಗಾದರೆ ಎದುರಾಳಿ ಮೋಸದಿಂದ ಡ್ರಾಪ್ ಹಾಕಿ ಅಲ್ಲೇ ನಿಂತುಬಿಡಬಹುದಾ? ಒಳ್ಳೆ ರೂಲ್.

ನಿಕ್‌ಶಾಟ್_ನಳಿನಿ
ನಿಲ್ಲುವ ಹಾಗಿಲ್ಲ. ಹಳೇಮಾರ್ಕರ್ ಸರ್ ಅರ್ಧಕ್ಕೆ ಬಿಟ್ಟಿದ್ದಾರೆ. ತಪ್ಪು ಕಡೆ ಹೆಜ್ಜೆ ಇಟ್ಟವರಿಗೂ ಅದೇ ರೂಲಲ್ಲಿ ಒಂದು ವಿನಾಯಿತಿ ಇದೆ. ತಪ್ಪಿದ ಹೆಜ್ಜೆಯಿಂದ ಚೇತರಿಸಿಕೊಂಡು, ಚೆಂಡನ್ನು ಸರಿಯಾಗಿ ವಾಪಸ್ ಕಳಿಸುವ ಹಾಗೆ ಬಂದಿದ್ದೀರಿ ಅಂತ ತೋರಿಸಿ, ಆಮೇಲೆ ಅಡ್ಡಿ ಆದರೆ ಲೆಟ್. ಆ ಹೊಡೆತದಿಂದ ಪಾಯಿಂಟ್ ಗೆಲ್ಲುವುದು ಖಚಿತ ಅನ್ನುವ ಹಾಗಿದ್ದರೆ ಮಾತ್ರ ಸ್ಟ್ರೋಕ್. ಆದ್ದರಿಂದ ‘ನೀನೇ ಹೋಗಿ ಗುದ್ದಿದೆ’ ಅನ್ನುವಲ್ಲಿಗೆ ಮುಗಿಸಿದ್ದು ಸರಿಯಲ್ಲ. ಈ ಚೆಂಡನ್ನು ಎತ್ತುತ್ತಿದ್ದನಾ ಅಂತ ರೆಫರಿ ಯೋಚಿಸಲೇಬೇಕಿತ್ತು.

ಹಳೇಮಾರ್ಕರ್
ಸರಿಯಾಗಿ ಹೇಳಿದಿರಿ ಮೇಡಂ. ಅದಕ್ಕೇ ನಾನು ಮೂರನೇ ಕ್ಷಣ ಕೇಳಿದ್ದು. 20 ಫ್ರೇಮ್ ಅಂದರೆ ಮುಕ್ಕಾಲು ಸೆಕೆಂಡೂ ಇಲ್ಲ. ಶಾರ್ಟ್ ಲೈನಿನಿಂದ ಚೆಂಡಿಗೆ ನಾಲ್ಕೂವರೆ ಮೀಟರ್. ಕಾಲು ಚಾಚಿ, ಕೈ ಚಾಚಿ ಒಂದೂವರೆ ಕಳೆದರೂ ಮೂರು ಮೀಟರ್ ಓಡಬೇಕು. ಆಗಲೇ ಪೂರ್ತಿ ವೇಗದಲ್ಲಿ ಇದ್ದವನಿಗೆ ಆಗಬಹುದು. ಈಗಷ್ಟೇ ಹಿಂದಿನಿಂದ ತಿರುಗಿ ಬಂದವನಿಗೆ ನಾನು ಕೊಡುವುದಿಲ್ಲ. ಮುಟ್ಟಲಾಗದ ಚೆಂಡಿಗೆ ಅಡ್ಡಿ ಎಷ್ಟಿದ್ದರೂ ನೋ ಲೆಟ್.

ಬ್ಯಾಕ್‌ಹ್ಯಾಂಡ್_ಬಸವ
ನಾನು ಮುಟ್ಟುತ್ತಿದ್ದೆ ಸರ್. ಎರಡನೇ ಗೇಮಲ್ಲಿ ಇದಕ್ಕಿಂತ ದೂರದ್ದು ಎತ್ತಿದ್ದೇನೆ.

ಹಳೇಮಾರ್ಕರ್
ಇರಬಹುದು. ಆದರೆ ರೆಫರಿಗೆ ಕಂಡದ್ದು ಏನು? ತಾಗಿದ ಕೂಡಲೇ ನೀವು ನಿಂತು ಕೈ ಎತ್ತಿದ್ದೀರಿ, ಕಣ್ಣು ಚೆಂಡಿನ ಕಡೆ ಇಲ್ಲ. ಚೆಂಡಿಗೆ ಹೋಗಲು ಪೂರ್ತಿ ಪ್ರಯತ್ನ ಮಾಡದೆ ಲೆಟ್ ಕೇಳಿದರೂ ನೋ ಲೆಟ್ಟೇ. ತೀರ್ಪಿಗೆ ಅವನು ಕೊಟ್ಟ ಕಾರಣ ಕಚ್ಚಾ, ತೀರ್ಪು ತಪ್ಪಲ್ಲ.

ನಿಕ್‌ಶಾಟ್_ನಳಿನಿ
ಇಲ್ಲಿ ನಾನು ಒಪ್ಪಲ್ಲ. ಪ್ರಯತ್ನ ತೋರಿಸಲು ಎದುರಾಳಿಯನ್ನು ತಳ್ಳಿಕೊಂಡು ಹೋಗಬೇಕಾ? ಇಬ್ಬರಿಗೂ ಪೆಟ್ಟಾಗುತ್ತದೆ. ಭುಜ ತಾಗಿದ ಮೇಲೆ ನಿಲ್ಲುವುದೇ ಸರಿ. ಅಲ್ಲಿಯವರೆಗೆ ಎಷ್ಟು ಜೋರಾಗಿ ಬರುತ್ತಿದ್ದ ಅಂತ ನೋಡಿ ನಿರ್ಧರಿಸಬೇಕು. ಎದುರಾಳಿಯೂ ಡ್ರಾಪ್ ಹಾಕಿ ಒಂದೇ ಹೆಜ್ಜೆ ಸರಿದು ನಿಂತಿದ್ದಾನೆ, ಅವನ ಪ್ರಯತ್ನವೂ ಅಷ್ಟಕ್ಕಷ್ಟೇ. ನಾನಾಗಿದ್ದರೆ ಲೆಟ್ ಕೊಟ್ಟು 9-9ರಲ್ಲೇ ಮತ್ತೆ ಆಡಿಸುತ್ತಿದ್ದೆ. ಸ್ಟ್ರೋಕ್ ಅಂತೂ ಯಾವ ಲೆಕ್ಕದಲ್ಲೂ ಇಲ್ಲ.

ಹಳೇಮಾರ್ಕರ್
ತಳ್ಳಿ ಅಂತ ನಾನೂ ಹೇಳಲ್ಲ. ತಾಗುವ ಮುಂಚಿನ ಎರಡು ಹೆಜ್ಜೆಯಲ್ಲಿ ಗೊತ್ತಾಗಿಬಿಡುತ್ತದೆ. ಚೆಂಡು ಎತ್ತಲು ಹೋಗುವವನ ರ‍್ಯಾಕೆಟ್ ಸಿದ್ಧ ಇರುತ್ತದೆ, ಮೈ ಬಗ್ಗಿರುತ್ತದೆ, ಎದುರಾಳಿಯ ಪಕ್ಕದಿಂದ ನುಸುಳಲು ನೋಡುತ್ತಾನೆ. ಲೆಟ್ ಕೇಳಲು ಹೋಗುವವನು ನೇರ ಬೆನ್ನಿಗೆ ಬರುತ್ತಾನೆ.

ಇದರಲ್ಲಿ ಇಬ್ಬರು ರೆಫರಿ ಎರಡು ಥರ ಹೇಳಬಹುದು, ಅದನ್ನು ಒಪ್ಪುತ್ತೇನೆ. ದೊಡ್ಡ ಪಂದ್ಯಗಳಲ್ಲೇ ವಿಡಿಯೋ ನೋಡಿ ತೀರ್ಪು ಬದಲಾಯಿಸುತ್ತಾರೆ.

ಡಬಲ್‌ಡಾಟ್
ಅಲ್ಲಾ, ಆ ರೆಫರಿ ಯಾರು? ಲೀಗಲ್ಲಿ ಹಿಂದಿನ ಮ್ಯಾಚ್ ಸೋತವನನ್ನೇ ಕೂರಿಸುತ್ತಾರೆ. ಬೆವರು ಒರೆಸಿಕೊಂಡು, ಫೋನ್ ನೋಡಿಕೊಂಡು ತೀರ್ಪು ಕೊಡ್ತಾನೆ.

ಬ್ಯಾಕ್‌ಹ್ಯಾಂಡ್_ಬಸವ
ಅದೇ! ಅವನು ನನ್ನ ಎದುರಾಳಿ ಜೊತೆ ಒಂದೇ ಕಾರಲ್ಲಿ ಬಂದವನು.

ಕ್ಲಬ್‌ಹೌಸ್_ಕೋರ್ಟ್
ನಮ್ಮಲ್ಲಿ ರೆಫರಿಯೇ ಇಲ್ಲ, ಜೋರಾಗಿ ಕಿರುಚಿದವನಿಗೆ ಪಾಯಿಂಟ್.

ಡಬಲ್‌ಡಾಟ್
ಒಂದು ಡೌಟ್ ಉಳೀತು. ಬಸವ ಹಿಂದೆ ಹೋಗದೆ ಟೀ ಮೇಲೇ ಇದ್ದು, ಡ್ರಾಪ್ ಹಾಕಿದವನು ನೇರ ಟೀ ಕಡೆಗೇ ವಾಪಸ್ ಬಂದು ಡಿಕ್ಕಿ ಆಗಿದ್ದರೆ? ಆಗಲಾದರೂ ಸ್ಟ್ರೋಕ್ ತಾನೇ?

ಹಳೇಮಾರ್ಕರ್
ಆಗ ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಡ್ರಾಪ್ ಹಾಕಿದವನೇ ಸುತ್ತಿಕೊಂಡು ಟೀಗೆ ಬರಬೇಕು, ಎದುರಾಳಿಯನ್ನು ಸುತ್ತಿಸಬಾರದು. ಸರಿಯಲು ಪೂರ್ತಿ ಪ್ರಯತ್ನ ಮಾಡದೆ ನೇರ ಗೆರೆ ಮೇಲೆ ಬಂದರೆ, ಬಸವ ಚೆಂಡು ಎತ್ತುವ ಹಾಗಿದ್ದರೆ, ಸ್ಟ್ರೋಕ್. ಅವನು ಪ್ರಯತ್ನ ಮಾಡಿಯೂ ಸಿಕ್ಕಿಹಾಕಿಕೊಂಡಿದ್ದರೆ ಲೆಟ್. ಆದರೆ ಕಾರಣ ‘ತಾಗಿತು’ ಅಂತಲ್ಲ. ತಾಗದಿದ್ದರೂ ಇದೇ ತೀರ್ಪು.

ಡಬಲ್‌ಡಾಟ್
ತಾಗಿದರೆ ಇನ್ನೂ ಗಟ್ಟಿ ಅಲ್ವಾ ಆದರೂ.

ಕ್ಲಬ್‌ಹೌಸ್_ಕೋರ್ಟ್
ಈ 6.4 ಮೀಟರ್ ಓದಿ ನಮ್ಮ ಕೋರ್ಟ್ ಅಳೆದೆ. ಆರು ಮೀಟರೂ ಪೂರ್ತಿ ಇಲ್ಲ! ಬಿಲ್ಡರ್ ಎಲ್ಲಿ ನುಂಗಿದ? ಇಂಥ ಕೋರ್ಟಲ್ಲಿ ಲೆಟ್ ಜಾಸ್ತಿ ಕೊಡಬೇಕಾ?

ನಿಕ್‌ಶಾಟ್_ನಳಿನಿ
ಅದಕ್ಕೆ ಬೇರೆ ಥ್ರೆಡ್ ಶುರು ಮಾಡಿ ಸರ್. ಮುಂದಿನ ಗೋಡೆಯ ಕೆಳಗಿರುವ ಟಿನ್ ಎತ್ತರವನ್ನೂ ಅಳೆದು ಹಾಕಿ, 48 ಸೆಂಟಿಮೀಟರ್ ಇರಬೇಕು. ನನಗೂ ನಮ್ಮ ಅಪಾರ್ಟ್‌ಮೆಂಟಿನದರ ಮೇಲೆ ಅನುಮಾನ ಇದೆ.