ಸಹಾಯ ಬೇಕು: ಎಫ್‌ಆರ್‌ಎ ಸೆಟ್ಲ್‌ಮೆಂಟ್ ಲೆಕ್ಕದಲ್ಲಿ ಯಾವ ದರದಿಂದ ಭಾಗಿಸಬೇಕು?

ನಮಸ್ಕಾರ ಎಲ್ಲರಿಗೂ. ಕಲಬುರಗಿಯಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಫಾರ್ವರ್ಡ್ ರೇಟ್ ಅಗ್ರಿಮೆಂಟ್ ಲೆಕ್ಕವೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊತ್ತ 10 ಕೋಟಿ, ಅವಧಿ 91 ದಿನ, ಒಪ್ಪಿದ ದರ 7%. ಎಕ್ಸ್‌ಪೈರಿ ದಿನ ರೆಫರೆನ್ಸ್ ದರ 7.60% ಆಗಿದೆ. ದರ ಏರಿದ್ದರಿಂದ ಖರೀದಿಸಿದವರಿಗೆ ಹಣ ಬರುತ್ತದೆ, ಅದು ಸರಿ. ವ್ಯತ್ಯಾಸ 0.60%. ವರ್ಷಕ್ಕೆ 365 ದಿನ ಹಿಡಿದರೆ 91 ದಿನಕ್ಕೆ ಸುಮಾರು 1,49,589 ರೂಪಾಯಿ.

ಆದರೆ ಈ ಬಡ್ಡಿ ಸಲ್ಲಬೇಕಾದದ್ದು 91 ದಿನದ ಕೊನೆಗೆ. ಸೆಟ್ಲ್‌ಮೆಂಟ್ ಮಾತ್ರ ಅವಧಿಯ ಶುರುವಿನಲ್ಲೇ ಆಗುತ್ತದೆ. ಅದಕ್ಕೇ ಡಿಸ್ಕೌಂಟ್ ಮಾಡಬೇಕು. ಗೆಳತಿಯ ನೋಟ್ಸ್‌ನಲ್ಲಿ 7% ಹಾಕಿ 1,47,023 ಬರೆದಿದ್ದಾರೆ. ನಾನು 7.60% ಹಾಕಿದೆ:

```
149589 / (1 + 0.076 × 91/365) ≈ 146807
```

ಈ 1,46,807 ರೂಪಾಯಿಯನ್ನು 7.60%ಕ್ಕೆ 91 ದಿನ ಇಟ್ಟು ನೋಡಿದೆ, 1,49,589 ಸರಿಯಾಗಿ ಬಂತು. ಆ ದಿನ ಮಾರುಕಟ್ಟೆಯಲ್ಲಿ ಸಿಗುವುದು 7.60% ತಾನೇ, ಹಳೆಯ 7% ಅಲ್ಲ ಅಲ್ವಾ? ಹಾಗಾಗಿ ನನಗೆ ಇದೇ ಸರಿ ಅನಿಸುತ್ತದೆ.

ಗೊಂದಲ ಇರುವುದು ದರ ಇಳಿದಾಗ. ರೆಫರೆನ್ಸ್ ದರ 6.40% ಆದರೆ ಖರೀದಿಸಿದವರೇ ಹಣ ಕೊಡಬೇಕು. ಆಗಲೂ 6.40%ರಿಂದಲೇ ಡಿಸ್ಕೌಂಟ್ ಮಾಡಿ ಸುಮಾರು 1,47,240 ಕೊಡಬೇಕಾ, ಅಥವಾ ಕೊಡುವವರು ಬದಲಾದರೆ ಭಾಗಿಸುವ ದರವೂ ಬದಲಾಗುತ್ತದಾ? ಗೊತ್ತಿದ್ದವರು ಕಾರಣದ ಸಮೇತ ತಿಳಿಸಿ.