ಎಟಿಎಂನಲ್ಲಿ ನೋಟು ಬರಲಿಲ್ಲ, ಖಾತೆಯಿಂದ ಹಣ ಹೋಯಿತು: ಮೇಲ್‌ ಹೇಗೆ ಬರೆಯೋದು?

ಪ್ರಶ್ನೆ: ಮಾರ್ಚ್ 3ರ ಸಂಜೆ ಬೇರೆ ಬ್ಯಾಂಕಿನ ಎಟಿಎಂನಲ್ಲಿ 10,000 ರೂ. ತೆಗೆಯಲು ಹೋದೆ. ನೋಟು ಎಣಿಸುವ ಸದ್ದು ಬಂತು, ನೋಟು ಬರಲಿಲ್ಲ, ಹಣ ಕಡಿತದ ಮೆಸೇಜ್ ಬಂತು. ಇವತ್ತು 14. ಶಾಖೆಯಲ್ಲಿ ಕೇಳಿದರೆ 'ಸಕ್ಸಸ್ ಅಂತ ತೋರಿಸ್ತಿದೆ' ಅಂತಾರೆ.

ಒಬ್ಬ ಸದಸ್ಯರು: ಎಟಿಎಂ ಯಾವ ಬ್ಯಾಂಕಿನದೋ ಅಲ್ಲಿಗೆ ಬರೆಯಿರಿ. ಐದು ದಿನ ದಾಟಿದರೆ ದಿನಕ್ಕೆ 100 ರೂ. ಕೊಡಬೇಕು.

ನಿವೃತ್ತ ಬ್ಯಾಂಕ್ ಮ್ಯಾನೇಜರ್: ನೂರು ರೂಪಾಯಿಯ ಮಾತು ಸರಿ, ವಿಳಾಸ ತಪ್ಪು. ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕಿಗೇ ಬರೆಯಬೇಕು, ಆ ಎಟಿಎಂನವರ ಹತ್ತಿರ ವಿಚಾರಿಸುವುದು ಅವರ ಕೆಲಸ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ ಹಣ ತಾನಾಗೇ ವಾಪಸ್ ಬರಲು ಐದು ದಿನ, ರಜೆಯ ದಿನಗಳೂ ಸೇರಿ. ನಿಮ್ಮದು 8ಕ್ಕೆ ಮುಗಿಯಿತು, 9ರಿಂದ ಇವತ್ತಿಗೆ ಆರು ದಿನ, ಅಂದರೆ 600 ರೂ. ಹೀಗೆ ಬರೆಯಿರಿ:

> ವಿಷಯ: ಎಟಿಎಂನಿಂದ ಬಾರದ 10,000 ರೂ. ವಾಪಸಾತಿ
>
> ಮಾನ್ಯರೇ, ಮಾರ್ಚ್ 3ರಂದು ಸಂಜೆ 6:42ಕ್ಕೆ ____ ಎಟಿಎಂನಲ್ಲಿ (ಎಟಿಎಂ ಐಡಿ ____) ನನಗೆ ಹಣ ಬರಲಿಲ್ಲ. ಆದರೆ ಖಾತೆಯಿಂದ 10,000 ರೂ. ಕಡಿತವಾಗಿದೆ. ರೆಫರೆನ್ಸ್ ಸಂಖ್ಯೆ ____, ಕಾರ್ಡಿನ ಕೊನೆಯ ನಾಲ್ಕು ಅಂಕಿ ____. ಈ ಮೊತ್ತವನ್ನೂ, ಮಾರ್ಚ್ 9ರಿಂದ ಜಮಾ ಆಗುವ ದಿನದವರೆಗೆ ದಿನಕ್ಕೆ 100 ರೂ. ಪರಿಹಾರವನ್ನೂ ಖಾತೆಗೆ ಹಾಕಿ. ಟ್ರಾನ್ಸಾಕ್ಷನ್ ಯಶಸ್ವಿ ಎನ್ನುವುದಾದರೆ ಯಂತ್ರದ ಜರ್ನಲ್ ಲಾಗ್ ಮತ್ತು ಅಂದಿನ ನಗದು ಲೆಕ್ಕದ ವರದಿ ಕೊಡಿ. ಸಿಸಿಟಿವಿ ದೃಶ್ಯ ಅಳಿಸದಂತೆ ಎಟಿಎಂ ಬ್ಯಾಂಕಿಗೆ ತಿಳಿಸಿ.

ಸ್ಲಿಪ್ ಇಲ್ಲದಿದ್ದರೆ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟಿನಲ್ಲಿ ರೆಫರೆನ್ಸ್ ಸಂಖ್ಯೆ ಹುಡುಕಿ. ಪೂರ್ತಿ ಕಾರ್ಡ್ ಸಂಖ್ಯೆ, ಪಿನ್ ಯಾವತ್ತೂ ಬರೆಯಬೇಡಿ. ಲಾಗ್ ಕೇಳುವುದು ಸುಮ್ನೆ ಅಲ್ಲ, ಯಂತ್ರ ಎಷ್ಟು ನೋಟು ಹೊರಗೆ ಹಾಕಿತು ಎಂದು ಅದರಲ್ಲಿ ಇರುತ್ತದೆ, ಮತ್ತು ಆ ದಿನ ಪೆಟ್ಟಿಗೆಯಲ್ಲಿ 10,000 ಜಾಸ್ತಿ ಉಳಿದಿದ್ದರೆ ನಗದು ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಬ್ಬರು: ಸರ್, ನಾನು ಯುಪಿಐನಲ್ಲಿ ತಪ್ಪು ನಂಬರಿಗೆ 2,000 ಕಳಿಸಿದೆ, ನನಗೂ ದಿನಕ್ಕೆ 100 ಬರುತ್ತಾ?

ಮ್ಯಾನೇಜರ್: ಇಲ್ಲಮ್ಮಾ, ಅದು ಕೆಟ್ಟುಹೋದ ಟ್ರಾನ್ಸಾಕ್ಷನ್ ಅಲ್ಲ, ಹಣ ತಲುಪಿದೆ. ಬೇಗ ಬ್ಯಾಂಕಿಗೆ ತಿಳಿಸಿ, ಆ ಕಡೆಯವರು ಒಪ್ಪಿದರೆ ವಾಪಸ್ ಬರುತ್ತದೆ.

ಕೇಳಿದವರು: ಮೇಲ್ ಕಳಿಸಿದೆ, ದೂರಿನ ಸಂಖ್ಯೆ ಬಂದಿದೆ. ನೋಟು ತಡವಾಗಿ ಹೊರಬಂದು ಹಿಂದೆ ನಿಂತವರು ತೆಗೆದುಕೊಂಡಿದ್ದರೆ?

ಮ್ಯಾನೇಜರ್: ಅದೇ ಕಷ್ಟದ ಪ್ರಶ್ನೆ. ಆಗ ಲಾಗೂ ಸರಿ ಇರುತ್ತದೆ, ನಗದೂ ಸರಿ ಇರುತ್ತದೆ. ಉಳಿಯುವುದು ಸಿಸಿಟಿವಿ ಒಂದೇ. ಅದು ಸಿಕ್ಕರೂ ಬ್ಯಾಂಕ್ ಹಣ ಕೊಡುತ್ತದೆ ಎಂದು ನಾನು ಹೇಳಲಾರೆ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಶುಲ್ಕ ಇಲ್ಲ. ಈ ಮೇಲ್ ಮತ್ತು ದೂರಿನ ಸಂಖ್ಯೆ ಅಲ್ಲಿ ಬೇಕಾಗುತ್ತದೆ.