ಒಂದೇ ಪದದ ‘ಫೈನ್’: ಕೋಪಾನಾ, ಸುಸ್ತಾ?

ಕೇಳಿದ್ದು: ಈ ವಾರ ಬರಕ್ಕಾಗಲ್ಲ ಅಂತ ಅಕ್ಕಂಗೆ ಮೆಸೇಜ್ ಹಾಕ್ದೆ, ‘ಫೈನ್.’ ಅಂತಷ್ಟೇ ಬಂತು. ಕೋಪಾನಾ, ಸುಸ್ತಾಗಿದಾಳಾ, ಹೆಂಗೆ ತಿಳ್ಕೊಳ್ಳೋದು?

ಸಂಜೆಮಲ್ಲಿಗೆ: ಕೊನೇಲಿ ಫುಲ್‌ಸ್ಟಾಪ್ ಇದ್ರೆ ಕೋಪಾನೇ, ಡೌಟೇ ಬೇಡ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಯೂನಿವರ್ಸಿಟಿಯವ್ರು 2015ರಲ್ಲೇ ಸ್ಟಡಿ ಮಾಡಿ ಹೇಳಿದಾರೆ.

ರಾತ್ರಿಪಾಳಿ: ಆ ಸ್ಟಡಿಲಿ 126 ಜನ ಕಾಲೇಜ್ ಸ್ಟೂಡೆಂಟ್ಸ್‌ಗೆ ಮೆಸೇಜ್ ತೋರ್ಸಿದ್ರು, ಫುಲ್‌ಸ್ಟಾಪ್ ಇರೋ ಉತ್ತರ ಅಷ್ಟು ಮನಸ್ಸಿಂದ ಬಂದಂಗಿಲ್ಲ ಅಂತ ಅನ್ನಿಸಿದೆ ಅವ್ರಿಗೆ, ಕೋಪ ಅಂತ ಅಲ್ಲ. ಕೈಬರಹದ ಚೀಟೀಲಿ ಆ ವ್ಯತ್ಯಾಸಾನೂ ಕಾಣ್ಲಿಲ್ಲ. ಅಕ್ಕ ಎಲ್ಲಾ ಮೆಸೇಜ್‌ಗೂ ಫುಲ್‌ಸ್ಟಾಪ್ ಹಾಕೋರಾದ್ರೆ ಅದ್ರಿಂದ ಏನೂ ತಿಳಿಯಲ್ಲ.

ನಾನು ಮೊದ್ಲು ನೋಡೋದು ಆ ಪದ ಯಾವ ಮಾತಿಗೆ ಬಂತು ಅಂತ. ‘ಹೇಗಿದೀಯ’ಗೆ ಫೈನ್ ಬಂದ್ರೆ ಮಾಮೂಲಿ, ಆದ್ರೆ ‘ಬರಲ್ಲ’ ಅಂದಿದ್ದಕ್ಕೆ, ಯಾವಾಗ್ಲೂ ‘ಯಾಕೆ, ಏನಾಯ್ತು’ ಅಂತ ಕೇಳೋರು ಫೈನ್ ಅಂದ್ರೆ ಆ ಕೇಳದೇ ಇರೋದೇ ಗಮನಿಸ್ಬೇಕಾದ್ದು. ಆಮೇಲೆ ಬೇರೆ ವಿಷಯಕ್ಕೆ ಹೆಂಗೆ ಉತ್ತರ ಬರುತ್ತೆ ನೋಡಿ. ನಮ್ಮನೆಯವ್ರು ನೈಟ್ ಶಿಫ್ಟ್ ಮುಗಿಸಿ ಬಂದ ದಿನ ಮಗು ಫೋಟೋ ಕಳ್ಸಿದ್ರೂ ‘ಹೂಂ’, ಬಿಲ್ ಕಟ್ಟಿದ್ರಾ ಅಂದ್ರೂ ‘ಹೂಂ’, ನಿದ್ದೆ ಮಾಡಿ ಎದ್ಮೇಲೆ ಅವ್ರೇ ಫೋಟೋ ಬಗ್ಗೆ ಮಾತು ತೆಗೀತಾರೆ. ಬೇಜಾರಾದಾಗ ಹಂಗಲ್ಲ, ಫೋಟೋಗೆ ನಗ್ತಾರೆ, ಅವ್ರ ತಂಗಿ ಮದ್ವೆ ವಿಷ್ಯ ಎತ್ತಿದ್ರೆ ಮಾತ್ರ ‘ಸರಿ ಬಿಡು’, ಅದು ಮಾರನೇ ದಿನಾನೂ ಹಂಗೇ ಇರುತ್ತೆ. ಎಲ್ಲದಕ್ಕೂ ಚಿಕ್ಕದಾಗಿ ಬಂದ್ರೆ ಸುಸ್ತು, ಒಂದೇ ವಿಷ್ಯಕ್ಕೆ ಬಂದ್ರೆ ನೋವು ಅಂತ ನಾನು ಅಂದಾಜು ಮಾಡ್ತೀನಿ. ತುಂಬಾ ಕೋಪ ಬಂದ್ರೆ ಎಲ್ಲದಕ್ಕೂ ಮುಚ್ಚಿಕೊಳ್ಳೋರೂ ಇದಾರೆ, ಅವ್ರ ಹತ್ರ ಇದು ನಡೆಯಲ್ಲ.

ಮಳೆಹನಿ: ನಂಗೂ ಇದೇ ಕಷ್ಟ, ‘ಓಕೆ’ ಅಂತ ಟೈಪ್ ಮಾಡಿದ್ರೆ ಸಾಕು ಎಲ್ರೂ ಕೋಪಾನಾ ಅಂತಾರೆ. ಹೇಗೆ ನಿಲ್ಸೋದು?

ರಾತ್ರಿಪಾಳಿ: ಅವ್ರು ಕೇಳಿದ್ದು ಎದುರಿನೋರ ಬಗ್ಗೆ. ನಿಮ್ಗಾದ್ರೆ, ‘ಓಕೆ, ತಲೆ ಓಡ್ತಿಲ್ಲ, ನಾಳೆ ಮಾತಾಡೋಣ’ ಅಂತ ಇನ್ನು ಮೂರ್ನಾಲ್ಕು ಪದ ಸೇರ್ಸಿ ನೋಡಿ, ಕಾರಣ ಗೊತ್ತಾದ್ರೆ ಯಾರೂ ಊಹೆ ಮಾಡ್ಕೊಳ್ಳಲ್ಲ.

ಕೇಳಿದವರು: ಅಕ್ಕಂಗೆ ಮೆಸೇಜ್ ಹಾಕಿದ್ದು ರಾತ್ರಿ 11ಕ್ಕೆ. ಬೆಳಿಗ್ಗೆ ಬೇರೆ ಏನೋ ಕೇಳ್ದೆ, ಉದ್ದುದ್ದ ಉತ್ತರ ಬಂತು, ಆದ್ರೆ ನಾನು ಬರದೇ ಇರೋದರ ಬಗ್ಗೆ ಒಂದು ಮಾತೂ ಇಲ್ಲ.

ರಾತ್ರಿಪಾಳಿ: ಹಾಗಾದ್ರೆ ಫೋನೇ ಮಾಡಿ. ‘ಕೋಪಾನಾ’ ಅಂತ ಕೇಳಿದ್ರೆ ಇಲ್ಲ ಅಂತಾನೇ ಬರುತ್ತೆ. ‘ನಾನು ಬರ್ತೀನಿ ಅಂತ ಕಾಯ್ತಿದ್ಯಾ ಅಕ್ಕ’ ಅಂತ ಕೇಳಿ.

ಕೇಳಿದವರು: ಕೇಳ್ದೆ. ‘ಸುಸ್ತಾಗಿತ್ತು ಕಣೆ’ ಅಂದ್ಲು, ಸ್ವಲ್ಪ ಹೊತ್ತು ಸುಮ್ನಿದ್ದು ‘ಹೂಂ, ಕಾಯ್ತಿದ್ದೆ’ ಅಂದ್ಲು.